ಶನಿವಾರದ ಓಆರ್‌ಎಸ್ ತರಬೇತಿ: ಬರುವಾಗ ಮನೆಯ ಚೊಂಬು ತನ್ನಿ

ಎಲ್ಲರಿಗೂ ನಮಸ್ಕಾರ. ಶನಿವಾರ ಬೆಳಿಗ್ಗೆ 11ಕ್ಕೆ ನಾವು 9 ಜನ ಆಶಾಗಳು ಉಪಕೇಂದ್ರದಲ್ಲಿ ಸೇರೋಣ. 45 ನಿಮಿಷ ಸಾಕು. ದಿನಾ ಬಳಸುವ ಚೊಂಬು ಅಥವಾ ಪಾತ್ರೆ, ಒಂದು ಲೋಟ, ಒಂದು ಚಮಚ ತನ್ನಿ. ಪೊಟ್ಟಣ 9, ಕಾಯಿಸಿ ಆರಿಸಿದ ನೀರು ಸಿಸ್ಟರ್ ಕೊಡುತ್ತಾರೆ.

ಈ ಸಲ ಗುರಿ ಒಂದೇ. ಮುಗಿಯುವಷ್ಟರಲ್ಲಿ ಪ್ರತಿಯೊಬ್ಬರೂ ಚೀಟಿ ನೋಡದೆ ಒಂದು ಪೊಟ್ಟಣ ಸರಿಯಾಗಿ ಕಲಸಬೇಕು, ಮತ್ತು ಕೇಳಿದ ತಾಯಿ ಅದನ್ನು ತನ್ನ ಮಾತಿನಲ್ಲೇ ತಿರುಗಿ ಹೇಳುವಂತೆ ಮಾಡಬೇಕು. ಹೋದ ಮಳೆಗಾಲದಲ್ಲಿ ನಾನೇ ಪೊಟ್ಟಣ ಕೊಟ್ಟು ಬಂದ ಮನೆಗೆ ಮರುದಿನ ಹೋದರೆ, ಆ ತಾಯಿ ಒಂದು ಲೋಟ ನೀರಿಗೆ ಅರ್ಧ ಪೊಟ್ಟಣ ಹಾಕಿ ಕುಡಿಸುತ್ತಿದ್ದಳು. ಉಪ್ಪು ಜಾಸ್ತಿಯಾದರೆ ಮಗುವಿಗೆ ಅಪಾಯ. ನಾನು ಹೇಳಿದ್ದೆ, ಅವಳು ತಲೆಯಾಡಿಸಿದ್ದಳು, ಅಷ್ಟೇ. ಅವಳಿಂದ ಒಮ್ಮೆ ಹೇಳಿಸಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು ಅಲ್ವಾ?

ಮೊದಲ 5 ನಿಮಿಷ ನಾನು ಒಂದು ಸಲ ಮಾಡಿ ತೋರಿಸುತ್ತೇನೆ. ಆಮೇಲೆ 10 ನಿಮಿಷ ಅಳತೆ: ಒಂದು ಲೀಟರ್ ಬಾಟಲಿಯ ನೀರನ್ನು ನಿಮ್ಮ ಪಾತ್ರೆಗೆ ಸುರಿದು ಎಲ್ಲಿಯವರೆಗೆ ಬರುತ್ತದೆ ನೋಡಿ, ಗುರುತು ಹಾಕಿ. ಒಂದು ಚೊಂಬು ಅಂದರೆ ಒಂದು ಲೀಟರ್ ಅಂತ ನಾವು ಸುಮ್ನೆ ಅಂದುಕೊಂಡಿರುತ್ತೇವೆ, ಎಷ್ಟೋ ಚೊಂಬುಗಳಲ್ಲಿ ಅಷ್ಟು ಹಿಡಿಯುವುದೇ ಇಲ್ಲ.

ಮುಂದಿನ 24 ನಿಮಿಷ ಮೂರು ಮೂರು ಜನರ ಗುಂಪು. ಒಬ್ಬರು ಆಶಾ, ಒಬ್ಬರು ಒಂದು ವರ್ಷದ ಮಗುವಿನ ತಾಯಿ, ಒಬ್ಬರು ನೋಡುವವರು. ಎಂಟು ನಿಮಿಷಕ್ಕೊಮ್ಮೆ ಪಾತ್ರ ಬದಲು. ತಾಯಿಯಾದವರು ಸುಲಭಕ್ಕೆ ಒಪ್ಪಬೇಡಿ. "ಕುಡಿಸಿದ ತಕ್ಷಣ ವಾಂತಿ ಮಾಡ್ತಾನೆ, ಏನ್ ಮಾಡ್ಲಿ?" ಅಂತ ಕೇಳಿ. ಹತ್ತು ನಿಮಿಷ ಬಿಟ್ಟು ಚಮಚದಲ್ಲಿ ನಿಧಾನಕ್ಕೆ ಕುಡಿಸಬೇಕು ಅನ್ನುವ ಉತ್ತರ ಆಶಾ ಬಾಯಿಂದ ಬರಬೇಕು.

ನೋಡುವವರು ಗಮನಿಸಬೇಕಾದದ್ದು ಇಷ್ಟು: ಕೈ ತೊಳೆದರಾ, ಪೂರ್ತಿ ಪೊಟ್ಟಣ ಒಂದು ಲೀಟರ್ ನೀರಿಗೆ ಹಾಕಿದರಾ, ಸಕ್ಕರೆ ಸೇರಿಸಬೇಡಿ ಅಂದರಾ, 24 ಗಂಟೆ ಆದಮೇಲೆ ಉಳಿದದ್ದು ಚೆಲ್ಲಿ ಅಂದರಾ, ಎದೆಹಾಲು ನಿಲ್ಲಿಸಬೇಡಿ ಅಂದರಾ, ಬೇಧಿ ನಿಂತರೂ ಜಿಂಕ್ ಮಾತ್ರೆ 14 ದಿನ ಕೊಡಿ ಅಂದರಾ, ಕೊನೆಗೆ ತಾಯಿಯಿಂದ ತಿರುಗಿ ಹೇಳಿಸಿದರಾ.

ಎಂಟರಲ್ಲಿ ನಾಲ್ಕು ನಿಮಿಷ ಮಾಡುವುದು, ಎರಡು ನಿಮಿಷ ಮಾತು. ಮಾಡಿದವರೇ ಮೊದಲು ಹೇಳಲಿ, ಎಲ್ಲಿ ತಡವರಿಸಿದೆ ಅಂತ. ಆಮೇಲೆ ತಾಯಿ, ಆಮೇಲೆ ನೋಡಿದವರು. "ಚೆನ್ನಾಗಿತ್ತು ಅಕ್ಕ" ಅಂದರೆ ಯಾರಿಗೂ ಉಪಯೋಗವಿಲ್ಲ. "ಪೊಟ್ಟಣದ ತಳದಲ್ಲಿ ಪುಡಿ ಉಳಿದಿತ್ತು" ಅನ್ನಿ, ಕಂಡದ್ದನ್ನು ಅನ್ನಿ. ಉಳಿದ ಎರಡು ನಿಮಿಷ ತಪ್ಪಿದ ಭಾಗವನ್ನಷ್ಟೇ ಮತ್ತೆ ಮಾಡಿ. ದಯವಿಟ್ಟು ಇದನ್ನು ಬಿಡಬೇಡಿ, ಕೈಗೆ ರೂಢಿಯಾಗುವುದೇ ಎರಡನೇ ಸಲ.

ಕೊನೆಯ 6 ನಿಮಿಷ ಒಂದೇ ಪ್ರಶ್ನೆ: ಯಾವ ಮಗುವನ್ನು ತಡಮಾಡದೆ ಆಸ್ಪತ್ರೆಗೆ ಕಳಿಸುತ್ತೀರಿ? ಎರಡು ತಿಂಗಳೊಳಗಿನ ಕೂಸು, ಮಲದಲ್ಲಿ ರಕ್ತ, ಏನೂ ಕುಡಿಯಲಾಗದ ಮಗು, ಎಬ್ಬಿಸಿದರೂ ಏಳದೆ ಮಂಪರಿನಲ್ಲಿರುವ ಮಗು. ಒಬ್ಬೊಬ್ಬರೂ ಹೇಳಬೇಕು. ಮುಂದಿನ ವಾರ ಬೇಧಿಯಾದ ಮಗುವಿರುವ ಮನೆಗೆ ಹೋದಾಗ ತಾಯಿ ಏನು ತಿರುಗಿ ಹೇಳಿದಳು ಅಂತ ಡೈರಿಯಲ್ಲಿ ಒಂದು ಸಾಲು ಬರೆದಿಡಿ, ತಿಂಗಳ ಸಭೆಯಲ್ಲಿ ಅದನ್ನೇ ಓದೋಣ.