ಮಗಳ ಪರೀಕ್ಷೆ ಭಯದ ಬಗ್ಗೆ

ನಮಸ್ಕಾರ ಸರ್,

ನಾನು ನಿಮ್ಮ ಮಗಳ ಸ್ಕೂಲ್ ಕೌನ್ಸೆಲರ್. ಅವಳನ್ನ ಕೇಳಿ, ಅವಳು ಹೂಂ ಅಂದ್ಮೇಲೇ ಇದನ್ನ ಬರೀತಿದೀನಿ. ಕಂಪ್ಲೇಂಟ್ ಅಂತ ದಯವಿಟ್ಟು ಅಂದ್ಕೋಬೇಡಿ, ಅವಳದ್ದು ಏನೂ ತಪ್ಪಿಲ್ಲ.

ಹೋದ ಸೋಮವಾರ ಗಣಿತದ ಟೆಸ್ಟಲ್ಲಿ ರೋಲ್ ನಂಬರ್ ಬರೆದು, ಪೆನ್ ಹಿಡ್ಕೊಂಡು ಹಾಗೇ ಕೂತುಬಿಟ್ಟಿದ್ಳು, ಕೈ ನಡುಗ್ತಿತ್ತಂತೆ, ಆಮೇಲೆ ಹೊರಗೆ ಓಡಿಹೋಗಿ ವಾಂತಿ ಮಾಡ್ಕೊಂಡ್ಳು. ಮಾರನೇ ದಿನ ನನ್ನ ರೂಮಲ್ಲಿ ಅದೇ ಪೇಪರ್ ಕೊಟ್ಟೆ, ಮಾರ್ಕ್ಸ್ ಇಲ್ಲ ಅಂದೆ, 5ರಲ್ಲಿ 4 ಲೆಕ್ಕ ಸರಿಯಾಗಿ ಮಾಡಿದ್ಳು! ಓದಿದ್ದೆಲ್ಲ ತಲೇಲಿದೆ ಸರ್. ಭಯ ಜೋರಾದಾಗ ಮೈಯಲ್ಲಿ ಅಡ್ರಿನಲಿನ್ ಅನ್ನೋ ಹಾರ್ಮೋನ್ ಏರಿ ಎದೆ ಹೊಡ್ಕೊಳ್ಳುತ್ತೆ, ಹೊಟ್ಟೆ ತೊಳಸುತ್ತೆ, ಲೆಕ್ಕ ಮಾಡ್ಬೇಕಾದ ಮನಸ್ಸಲ್ಲಿ 'ಬರ್ದೇ ಇದ್ರೆ?' ಅನ್ನೋದೊಂದೇ ತುಂಬ್ಕೊಂಡಿರುತ್ತೆ. ಟೆಸ್ಟ್ ದಿನ ಬೆಳಗ್ಗೆ ಬರೋ ಹೊಟ್ಟೆನೋವು ನಾಟಕ ಅಲ್ಲ, ನಿಜವಾಗ್ಲೂ ನೋಯುತ್ತೆ. ಬೇರೆ ಕಾರಣ ಇಲ್ವಾ ಅಂತ ಡಾಕ್ಟರಿಗೂ ಒಮ್ಮೆ ತೋರ್ಸಿ.

ಒಂದು ಮಾತು ಹೇಳ್ಬೇಕು, ಹೇಗೆ ಹೇಳೋದು ಅಂತ ಎರಡು ದಿನ ಯೋಚಿಸಿದೆ. 'ಅಪ್ಪ ಬೈಯಲ್ಲ ಮೇಡಂ, ಮಾರ್ಕ್ಸ್ ನೋಡಿ ಸುಮ್ಮನಾಗಿಬಿಡ್ತಾರೆ' ಅಂದ್ಳು, ಆಮೇಲೆ ತುಂಬಾ ಅತ್ಳು. ನೀವು ಬೇಜಾರಾದ್ರೂ ತೋರಿಸ್ಕೊಳ್ಳಬಾರ್ದು ಅಂತ ಸುಮ್ಮನಿರ್ತೀರಿ ಅಂತ ನನಗೆ ಅರ್ಥ ಆಗುತ್ತೆ, ಆದ್ರೆ ಆ ಮೌನಕ್ಕೆ ಅವಳು ತಾನೇ ಅರ್ಥ ಕಟ್ಕೊಳ್ತಾಳೆ. ಮುಂದಿನ ಸಲ 'ಎಷ್ಟು ಬಂತು' ಅನ್ನೋಕೆ ಮುಂಚೆ 'ಇವತ್ತು ಟೆಸ್ಟಲ್ಲಿ ಹೇಗನ್ನಿಸ್ತು' ಅಂತ ಕೇಳಿ ನೋಡಿ, ಅವಳು ಮಾತಾಡೋವರೆಗೂ ಜೊತೇಲೇ ಕೂತಿರಿ.

ಭಯ ಅಂತ ಟೆಸ್ಟ್ ದಿನ ರಜೆ ಹಾಕಿಸ್ಬೇಡಿ. ಆ ದಿನ ನಿರಾಳ ಅನ್ಸುತ್ತೆ ನಿಜ, ಮುಂದಿನ ಸಲ ಭಯ ಇನ್ನೂ ಜಾಸ್ತಿಯಾಗುತ್ತೆ. ಕ್ಲಾಸ್ ಟೀಚರ್ ಹತ್ರ ಮಾತಾಡಿದೀನಿ, ಸದ್ಯಕ್ಕೆ ನನ್ನ ರೂಮಲ್ಲಿ ಬರೀಲಿ, ಆಮೇಲೆ ನಾಲ್ಕೈದು ಮಕ್ಕಳ ಜೊತೆ, ಆಮೇಲೆ ಮೆಲ್ಲಗೆ ಪರೀಕ್ಷೆ ಹಾಲಿಗೆ. ಪೇಪರ್ ಸಿಗೋಕೆ ಮುಂಚೆ ಉಸಿರನ್ನ ನಿಧಾನವಾಗಿ, ಉದ್ದಕ್ಕೆ ಬಿಡೋದನ್ನ ದಿನಾ ಅಭ್ಯಾಸ ಮಾಡಿಸ್ತಿದೀನಿ, ಮನೇಲೂ ಐದು ನಿಮಿಷ ಜೊತೆಗೆ ಕೂತು ಮಾಡಿ. ರಾತ್ರಿ ನಿದ್ದೆ ಕೆಡಿಸಿ ಓದೋದು ಬೇಡವೇ ಬೇಡ. ಇಷ್ಟಾದ್ಮೇಲೂ ಕಡಿಮೆ ಆಗ್ಲಿಲ್ಲ ಅಂದ್ರೆ ಮಕ್ಕಳ ಮನೋವೈದ್ಯರ ಹತ್ರ ಹೋಗೋಣ, ಇದಕ್ಕೆ ಒಳ್ಳೆ ಥೆರಪಿ ಇದೆ.

ಸಾಯೋ ಯೋಚನೆ ಬರುತ್ತಾ ಅಂತ ನೇರವಾಗೇ ಕೇಳಿದೆ, ಇಲ್ಲ ಅಂದ್ಳು. ಹಾಗೆ ಕೇಳಿದ್ರೆ ಯೋಚನೆ ತಲೆಗೆ ತುಂಬಿದ ಹಾಗೆ ಅಂತ ಹೆದರ್ಬೇಡಿ, ಹಾಗಾಗಲ್ಲ. ಯಾವತ್ತಾದ್ರೂ 'ನಾನಿಲ್ದಿದ್ರೇ ಚೆನ್ನಾಗಿತ್ತು' ಅನ್ನೋ ತರ ಮಾತು ಬಂದ್ರೆ ಮಾತ್ರ ಒಬ್ಬಳನ್ನೇ ಬಿಡ್ಬೇಡಿ, ಅವತ್ತೇ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ, ನನಗೂ ಹೇಳಿ.

ಗುರುವಾರ ಸಂಜೆ 4ಕ್ಕೆ ನೀವೂ ಅವರಮ್ಮನೂ ಬರೋಕಾಗುತ್ತಾ? ಆಗಲ್ಲ ಅಂದ್ರೆ ನಿಮಗೆ ಅನುಕೂಲ ಆಗೋ ದಿನ ಅವಳ ಡೈರೀಲಿ ಬರೆದು ಕಳಿಸಿ. ಬರೋ ವಿಷಯ ಅವಳಿಗೆ ನೀವೇ ಹೇಳಿ ಸರ್.

ಇಂತಿ,
ಸ್ಕೂಲ್ ಕೌನ್ಸೆಲರ್