ಶಿಕ್ಷಣ ಮತ್ತು ಧಾರ್ಮಿಕತೆ: ಸಮೀಕ್ಷೆಯ ಅಂಕಿಗಳು ಎಷ್ಟು ಹೇಳುತ್ತವೆ, ಎಲ್ಲಿ ನಿಲ್ಲುತ್ತವೆ

ಎರಡು ತಾಲ್ಲೂಕುಗಳಲ್ಲಿ ನಡೆಯಲಿರುವ ಮನೆಮನೆ ಸಮೀಕ್ಷೆಯ ತಂಡಕ್ಕಾಗಿ ಸಿದ್ಧಪಡಿಸಿದ ಪೂರ್ವಭಾವಿ ವರದಿ

ಮುಖ್ಯ ಫಲಿತಾಂಶ

ಅಮೆರಿಕದಲ್ಲಿ ಪದವೀಧರರು ಹೈಸ್ಕೂಲಿಗೇ ಓದು ನಿಲ್ಲಿಸಿದವರಿಗಿಂತ ಕೆಲವು ಅಳತೆಗಳಲ್ಲಿ ಕಡಿಮೆ ಧಾರ್ಮಿಕರಾಗಿ ಕಾಣುತ್ತಾರೆ, ಕೆಲವದರಲ್ಲಿ ಕಾಣುವುದಿಲ್ಲ. ಕ್ರೈಸ್ತರನ್ನಷ್ಟೇ ತೆಗೆದುಕೊಂಡರೆ ಒಂದು ಅಳತೆಯಲ್ಲಿ ದಿಕ್ಕೇ ತಿರುಗುತ್ತದೆ. ಆದ್ದರಿಂದ "ಓದು ಹೆಚ್ಚಿದಷ್ಟೂ ಭಕ್ತಿ ಕಡಿಮೆ" ಎಂಬ ಮಾತನ್ನು ಈ ಕೋಷ್ಟಕಗಳು ಸಾಮಾನ್ಯ ನಿಯಮವಾಗಿ ಸಮರ್ಥಿಸುವುದಿಲ್ಲ. ಓದೇ ಕಾರಣ ಎಂಬುದನ್ನಂತೂ ಕೋಷ್ಟಕವೊಂದೇ ತೋರಿಸಲಾರದು.

ಕೋಷ್ಟಕ 1. ಅಮೆರಿಕದ ವಯಸ್ಕರು, 2014 (ಶೇಕಡಾ)

| ಅಳತೆ | ಹೈಸ್ಕೂಲ್ ಅಥವಾ ಕಡಿಮೆ | ಪದವೀಧರರು | ವ್ಯತ್ಯಾಸ (ಶೇಕಡಾವಾರು ಅಂಶ) |
|---|---|---|---|
| ಬದುಕಿನಲ್ಲಿ ಧರ್ಮ "ಬಹಳ ಮುಖ್ಯ" | 58 | 46 | −12 |
| ದೇವರಿದ್ದಾನೆಂದು ಸಂಪೂರ್ಣ ಖಾತ್ರಿ | 66 | 55 | −11 |
| ನಾಸ್ತಿಕ ಅಥವಾ ಅಜ್ಞೇಯವಾದಿ | 4 | 11 | +7 |

ಮೂಲ: ಪ್ಯೂ ಸಂಶೋಧನಾ ಕೇಂದ್ರದ ಧಾರ್ಮಿಕ ಭೂಚಿತ್ರಣ ಅಧ್ಯಯನ. ಅವಧಿ 2014ರ ಜೂನ್ 4ರಿಂದ ಸೆಪ್ಟೆಂಬರ್ 30; ಫೋನ್ ಸಂದರ್ಶನ; ಮಾದರಿ 35,071 ವಯಸ್ಕರು. ನಡುವಿನ ಗುಂಪಿನಲ್ಲಿ, ಅಂದರೆ ಕಾಲೇಜು ಮೆಟ್ಟಿಲು ಹತ್ತಿ ಪದವಿ ಮುಗಿಸದವರಲ್ಲಿ, ಮೊದಲ ಅಳತೆಯ ಅಂಕಿ 53.

58ರಿಂದ 46ಕ್ಕೆ ಇಳಿದದ್ದನ್ನು "ಶೇ 12ರಷ್ಟು ಕಡಿಮೆ" ಎಂದು ಬರೆದರೆ ತಪ್ಪಾಗುತ್ತದೆ. ಅದು 12 ಶೇಕಡಾವಾರು ಅಂಶಗಳ ವ್ಯತ್ಯಾಸ. 58ಕ್ಕೆ ಹೋಲಿಸಿದರೆ ಇಳಿಕೆ ಸುಮಾರು ಶೇ 21. ಪತ್ರಿಕೆಗಳಲ್ಲಿ ಈ ಎರಡು ಅಂಕಿಗಳು ಅದಲುಬದಲಾಗುವುದು ಸಾಮಾನ್ಯ, ಯಾವುದು ದೊಡ್ಡದೋ ಅದೇ ಶೀರ್ಷಿಕೆಗೆ ಹೋಗುತ್ತದೆ. ಈ ವರದಿಯಲ್ಲಿ ಎಲ್ಲೆಡೆ ಅಂಶಗಳನ್ನೇ ಕೊಟ್ಟಿದೆ.

ಇಷ್ಟು ದೊಡ್ಡ ಮಾದರಿಯಲ್ಲಿ 12 ಅಂಶಗಳ ವ್ಯತ್ಯಾಸ ಬರೀ ಆಕಸ್ಮಿಕವಾಗಿ ಬರುವುದಿಲ್ಲ. ಉಪಗುಂಪು ಚಿಕ್ಕದಾದಂತೆ ಈ ಭರವಸೆ ಕುಗ್ಗುತ್ತದೆ. 1,000 ಜನರ ಸರಳ ಯಾದೃಚ್ಛಿಕ ಮಾದರಿಯಲ್ಲಿ ಶೇ 50ರ ಆಸುಪಾಸಿನ ಅಂಕಿಗೆ ದೋಷಮಿತಿ ±3.1 ಅಂಶ, 250 ಜನರಲ್ಲಿ ±6.2, 100 ಜನರಲ್ಲಿ ±9.8. ಊರು, ಬೀದಿ ಎಂದು ಗುಚ್ಛಗಳಲ್ಲಿ ಮನೆ ಆರಿಸಿದರೆ ಸಾಮಾನ್ಯವಾಗಿ ಇನ್ನಷ್ಟು ಹಿಗ್ಗುತ್ತದೆ, ಏಕೆಂದರೆ ಒಂದೇ ಬೀದಿಯವರು ಒಬ್ಬರಂತೆ ಒಬ್ಬರಿರುತ್ತಾರೆ.

ಅಳತೆ ಬದಲಾದರೆ ಚಿತ್ರ ಬದಲಾಗುತ್ತದೆ

ಕೋಷ್ಟಕ 2. ವಾರಕ್ಕೊಮ್ಮೆಯಾದರೂ ಚರ್ಚಿಗೆ ಹೋಗುತ್ತೇವೆ ಎಂದವರು. ಅಮೆರಿಕದ ಕ್ರೈಸ್ತರು ಮಾತ್ರ, 2014 (ಶೇಕಡಾ)

| ಹೈಸ್ಕೂಲ್ ಅಥವಾ ಕಡಿಮೆ | ಸ್ವಲ್ಪ ಕಾಲೇಜು | ಪದವೀಧರರು |
|---|---|---|
| 46 | 45 | 52 |

ಇಲ್ಲಿ ಪದವೀಧರರೇ ಮುಂದೆ. ಆದರೆ ಇದನ್ನು ಹಿಡಿದು "ಓದು ಭಕ್ತಿಯನ್ನು ಹೆಚ್ಚಿಸುತ್ತದೆ" ಎನ್ನುವುದೂ ಮೊದಲಿನಷ್ಟೇ ದೊಡ್ಡ ಜಿಗಿತ. ಕೋಷ್ಟಕ 1ರ ಕೊನೆಯ ಸಾಲು ಒಂದು ಸುಳಿವು ಕೊಡುತ್ತದೆ: ಪದವೀಧರರಲ್ಲಿ ಶೇ 11 ಜನ ತಮ್ಮನ್ನು ನಾಸ್ತಿಕರು ಅಥವಾ ಅಜ್ಞೇಯವಾದಿಗಳು ಎಂದು ಗುರುತಿಸಿಕೊಂಡಿದ್ದಾರೆ. ಆಸಕ್ತಿ ಕಡಿಮೆಯಿರುವ ಪದವೀಧರರು "ನಾನು ಕ್ರೈಸ್ತ" ಎನ್ನುವುದನ್ನೇ ಬಿಟ್ಟಿದ್ದರೆ, ಉಳಿದವರ ಸರಾಸರಿ ತಾನಾಗಿ ಮೇಲೇರುತ್ತದೆ. ಕಡಿಮೆ ಓದಿದವರಲ್ಲಿ ಅಂಥವರು ಹೆಸರಿಗಾದರೂ ಕ್ರೈಸ್ತರಾಗಿ ಉಳಿದಿರಬಹುದು. ಹೀಗಾದರೆ ಯಾರೊಬ್ಬರ ನಡವಳಿಕೆಯೂ ಬದಲಾಗದೆ ಸರಾಸರಿ ಮಾತ್ರ ಬದಲಾಗುತ್ತದೆ. ಇದು ಒಂದು ಸಾಧ್ಯತೆ. ಕೋಷ್ಟಕ ಇದನ್ನು ಸಾಬೀತು ಮಾಡುವುದಿಲ್ಲ, ತಳ್ಳಿಹಾಕುವುದೂ ಇಲ್ಲ.

ಇದೆಲ್ಲ ಜನ ಹೇಳಿಕೊಂಡದ್ದು ಎಂಬುದೂ ನೆನಪಿರಲಿ. ಅಮೆರಿಕದಲ್ಲಿ 1993ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಚರ್ಚುಗಳಲ್ಲಿ ತಲೆ ಎಣಿಸಿ ನೋಡಿದಾಗ, ನಿಜವಾದ ಹಾಜರಿ ಜನ ಹೇಳಿಕೊಂಡದ್ದರ ಅರ್ಧದಷ್ಟಿತ್ತು. ಎಲ್ಲ ಗುಂಪುಗಳೂ ಒಂದೇ ಪ್ರಮಾಣದಲ್ಲಿ ಉಬ್ಬಿಸಿ ಹೇಳಿದರೆ ಹೋಲಿಕೆ ಬಹುಮಟ್ಟಿಗೆ ಉಳಿಯುತ್ತದೆ. ಒಂದು ಗುಂಪು ಹೆಚ್ಚು ಉಬ್ಬಿಸಿದರೆ ಕೋಷ್ಟಕ 2ರ ಆರೇಳು ಅಂಶಗಳು ಅದಕ್ಕೇ ಖರ್ಚಾಗಬಹುದು.

ವಯಸ್ಸು ಮಾಡುವ ಆಟ

ಸಹಸಂಬಂಧವನ್ನು ಕಾರಣವೆಂದು ಓದುವಾಗ ಎಡವುವುದು ಹೆಚ್ಚಾಗಿ ಇಲ್ಲಿ. ಅದನ್ನು ತೋರಿಸಲು ಒಂದು ಲೆಕ್ಕ. ಕೋಷ್ಟಕ 3ರ ಅಂಕಿಗಳು ಲೆಕ್ಕಕ್ಕಾಗಿ ಹೆಣೆದವು, ಯಾವ ಸಮೀಕ್ಷೆಯಿಂದಲೂ ತೆಗೆದವಲ್ಲ.

ಹಿರಿಯರು 1,000, ಕಿರಿಯರು 1,000 ಎಂದಿಟ್ಟುಕೊಳ್ಳೋಣ. ಹಿರಿಯರಲ್ಲಿ ಶೇ 20, ಕಿರಿಯರಲ್ಲಿ ಶೇ 60 ಪದವೀಧರರು. ಹಿರಿಯರಲ್ಲಿ ಓದಿರಲಿ, ಓದದಿರಲಿ ಶೇ 80 ಜನಕ್ಕೆ ಧರ್ಮ ಬಹಳ ಮುಖ್ಯ. ಕಿರಿಯರಲ್ಲಿ ಅದೇ ರೀತಿ ಶೇ 50.

ಕೋಷ್ಟಕ 3. ಧರ್ಮ ಬಹಳ ಮುಖ್ಯ ಎನ್ನುವವರು (ಲೆಕ್ಕದ ಉದಾಹರಣೆ)

| | ಪದವಿ ಇಲ್ಲದವರು | ಪದವೀಧರರು | ವ್ಯತ್ಯಾಸ |
|---|---|---|---|
| ಹಿರಿಯರು | 800ರಲ್ಲಿ 640 (ಶೇ 80) | 200ರಲ್ಲಿ 160 (ಶೇ 80) | 0 |
| ಕಿರಿಯರು | 400ರಲ್ಲಿ 200 (ಶೇ 50) | 600ರಲ್ಲಿ 300 (ಶೇ 50) | 0 |
| ಒಟ್ಟು | 1,200ರಲ್ಲಿ 840 (ಶೇ 70) | 800ರಲ್ಲಿ 460 (ಶೇ 57.5) | −12.5 |

ಒಂದೊಂದು ವಯೋಗುಂಪಿನೊಳಗೂ ಓದಿಗೂ ಧಾರ್ಮಿಕತೆಗೂ ನಂಟೇ ಇಲ್ಲ. ಒಟ್ಟು ಸಾಲಿನಲ್ಲಿ ಮಾತ್ರ 12.5 ಅಂಶಗಳ ಅಂತರ ಹುಟ್ಟಿಕೊಂಡಿದೆ. ಕೋಷ್ಟಕ 1ರ ಅಂತರ ಪೂರ್ತಿ ಹೀಗೇ ಬಂದದ್ದೆಂದು ಇದರರ್ಥವಲ್ಲ. ವಯಸ್ಸನ್ನು ಬೇರ್ಪಡಿಸದ ಕೋಷ್ಟಕದಿಂದ ಓದಿನ ಪಾಲನ್ನು ವಯಸ್ಸಿನ ಪಾಲಿನಿಂದ ಬಿಡಿಸಿ ನೋಡಲಾಗದು ಎಂದಷ್ಟೇ. ವಯಸ್ಸಿನ ಜಾಗದಲ್ಲಿ ಆದಾಯ, ಊರು, ಲಿಂಗ, ತಾಯಿತಂದೆಯ ಓದು ಯಾವುದನ್ನಾದರೂ ಇಟ್ಟು ಇದೇ ಲೆಕ್ಕ ಹಾಕಬಹುದು. ಅಳೆದದ್ದನ್ನು ಸರಿದೂಗಿಸಬಹುದು; ಮಗುವಿನ ಕುತೂಹಲ, ಮನೆಯ ವಾತಾವರಣದಂಥ ಅಳೆಯದವು ಹಾಗೇ ಉಳಿಯುತ್ತವೆ.

ಕಾರಣದ ಹತ್ತಿರ ಹೋದ ಅಧ್ಯಯನಗಳು

ಯಾರು ಎಷ್ಟು ಓದಬೇಕೆಂದು ಚೀಟಿ ಎತ್ತಿ ನಿರ್ಧರಿಸಲಾಗದು. ಅದಕ್ಕೆ ಹತ್ತಿರದ ದಾರಿ ಕಡ್ಡಾಯ ಶಿಕ್ಷಣದ ಕಾನೂನು. ಕಾನೂನು ಬದಲಾದ ಗಡಿಯ ಆಚೀಚೆ ಹುಟ್ಟಿದ ಮಕ್ಕಳು ಉಳಿದ ವಿಷಯಗಳಲ್ಲಿ ಬಹುಮಟ್ಟಿಗೆ ಒಂದೇ ತೆರನಾದವರು, ಓದಿದ ವರ್ಷಗಳು ಮಾತ್ರ ಬೇರೆ. ಕೆನಡಾದ ಪ್ರಾಂತ್ಯಗಳ ಇಂಥ ಕಾನೂನುಗಳನ್ನು ಬಳಸಿದ ಡೇನಿಯಲ್ ಹಂಗರ್ಮನ್ ಅವರ 2014ರ ಅಧ್ಯಯನದ ಪ್ರಕಾರ, ಒಂದು ವರ್ಷದ ಹೆಚ್ಚುವರಿ ಶಾಲೆಯಿಂದ ಯಾವುದಾದರೂ ಧರ್ಮದೊಂದಿಗೆ ಗುರುತಿಸಿಕೊಳ್ಳುವ ಸಾಧ್ಯತೆ ಸುಮಾರು 4 ಅಂಶ ಕಡಿಮೆಯಾಗಿದೆ. ಕೋಷ್ಟಕ 1ಕ್ಕಿಂತ ಇದು ಗಟ್ಟಿ ಸಾಕ್ಷ್ಯ. ಆದರೂ ಇದು ಹೇಳುವುದು ಕಾನೂನು ಇಲ್ಲದಿದ್ದರೆ ಶಾಲೆ ಬಿಡುತ್ತಿದ್ದವರ ಬಗ್ಗೆ, ಮತ್ತು ಅಳೆದದ್ದು ಗುರುತನ್ನು, ನಂಬಿಕೆಯನ್ನಲ್ಲ. ಎಂ.ಎ. ಓದಿದವರಿಗೆ ಇದನ್ನು ಹೊಂದಿಸುವಂತಿಲ್ಲ.

ಟರ್ಕಿಯಲ್ಲಿ 1997ರಲ್ಲಿ ಕಡ್ಡಾಯ ಶಿಕ್ಷಣ 5 ವರ್ಷದಿಂದ 8ಕ್ಕೆ ಏರಿತು. ಅಲ್ಲಿ ತೊಡಕು ಬೇರೆ: ಅದೇ ಸುಧಾರಣೆಯಲ್ಲಿ ಇಮಾಮ್ ಹತೀಪ್ ಧಾರ್ಮಿಕ ಶಾಲೆಗಳ ಮಾಧ್ಯಮಿಕ ವಿಭಾಗಗಳೂ ಮುಚ್ಚಿದವು. ಬದಲಾವಣೆ ಕಂಡರೆ ಅದು ಓದಿದ ವರ್ಷಗಳಿಂದಲೋ, ಶಾಲೆಯ ಬಗೆಯಿಂದಲೋ ಎಂದು ಬೇರ್ಪಡಿಸುವುದು ಕಷ್ಟ.

ಬಾಣವನ್ನು ತಿರುಗಿಸಿ ನೋಡಿದರೆ

ಧರ್ಮವೇ ಓದನ್ನು ನಿರ್ಧರಿಸುತ್ತದೆ ಎಂಬ ವಾದಕ್ಕೆ ಕೋಷ್ಟಕ 4ರಂಥದ್ದನ್ನು ತೋರಿಸಲಾಗುತ್ತದೆ.

ಕೋಷ್ಟಕ 4. ಸರಾಸರಿ ಓದಿದ ವರ್ಷಗಳು, 25 ವರ್ಷ ಮೇಲ್ಪಟ್ಟವರು

| ಗುಂಪು | ವರ್ಷ |
|---|---|
| ಯಹೂದಿಗಳು | 13.4 |
| ಕ್ರೈಸ್ತರು | 9.3 |
| ಯಾವ ಧರ್ಮಕ್ಕೂ ಸೇರದವರು | 8.8 |
| ಬೌದ್ಧರು | 7.9 |
| ಮುಸ್ಲಿಮರು | 5.6 |
| ಹಿಂದೂಗಳು | 5.6 |
| ಜಗತ್ತಿನ ಸರಾಸರಿ | 7.7 |

ಮೂಲ: ಪ್ಯೂ, 2016, 151 ದೇಶಗಳ ದತ್ತಾಂಶ. ಇದು ಯಾವ ಧರ್ಮದವರು ಎಂಬುದರ ಲೆಕ್ಕ, ಎಷ್ಟು ಧಾರ್ಮಿಕರು ಎಂಬುದರದ್ದಲ್ಲ.

ಇದೇ ವರದಿಯ ಇನ್ನೊಂದು ಜೋಡಿ ಅಂಕಿ ನೋಡಿ: ಭಾರತದ ಹಿಂದೂಗಳ ಸರಾಸರಿ 5.5 ವರ್ಷ, ಅಮೆರಿಕದ ಹಿಂದೂಗಳದ್ದು 15.7. ಧರ್ಮ ಒಂದೇ, ಅಂತರ ಹತ್ತು ವರ್ಷ. ಪದವಿ ಇದ್ದವರಿಗೇ ಸಿಗುವ ಎಚ್-1ಬಿಯಂಥ ವೀಸಾಗಳು ಯಾರು ಅಲ್ಲಿಗೆ ತಲುಪುತ್ತಾರೆ ಎಂಬುದನ್ನು ಮೊದಲೇ ಸೋಸಿಬಿಡುತ್ತವೆ. ಬೆಂಗಳೂರಿನಿಂದ ಹೋದ ಎಂಜಿನಿಯರ್‌ಗಳನ್ನು ಎಣಿಸಿ ಧರ್ಮದ ಗುಣ ಹೇಳಹೊರಟರೆ ಅಳೆದಂತಾಗುವುದು ವೀಸಾ ನಿಯಮವನ್ನು. ಜಗತ್ತಿನ ಹಿಂದೂಗಳಲ್ಲೇ ಗಂಡಸರಿಗೆ 6.9, ಹೆಂಗಸರಿಗೆ 4.2 ವರ್ಷ, ಗುಂಪಿನ ಸರಾಸರಿ ಈ ಬಿರುಕನ್ನೂ ಮುಚ್ಚಿಡುತ್ತದೆ.

ಭಾರತ, ದಕ್ಷಿಣ ಮತ್ತು ನಮ್ಮ ಪ್ರಶ್ನೆಪಟ್ಟಿ

ಪ್ಯೂ ಕೇಂದ್ರದ ಭಾರತ ಸಮೀಕ್ಷೆ 2019ರ ನವೆಂಬರ್ 17ರಿಂದ 2020ರ ಮಾರ್ಚ್ 23ರವರೆಗೆ 29,999 ವಯಸ್ಕರನ್ನು ಮುಖಾಮುಖಿ ಮಾತಾಡಿಸಿತು. ಶೇ 97 ಜನ ದೇವರನ್ನು ನಂಬುತ್ತೇವೆ ಎಂದರು. ಬಹುತೇಕ ಎಲ್ಲರೂ ಒಂದೇ ಉತ್ತರ ಕೊಡುವ ಪ್ರಶ್ನೆ ಓದಿದವರನ್ನೂ ಓದದವರನ್ನೂ ಬೇರ್ಪಡಿಸಲಾರದು. ಅದರ ಮೇಲೆ ಸಹಸಂಬಂಧ ಹುಡುಕುವುದು ವ್ಯರ್ಥ. ಧರ್ಮ ಬಹಳ ಮುಖ್ಯ ಎಂದವರು ದೇಶದಲ್ಲಿ ಶೇ 84, ದಕ್ಷಿಣದಲ್ಲಿ ಶೇ 69. ದಕ್ಷಿಣದಲ್ಲಿ ಸಾಕ್ಷರತೆ ಹೆಚ್ಚು, ಅದಕ್ಕೇ ಹೀಗೆ ಎನ್ನುವ ಆಸೆ ಹುಟ್ಟುತ್ತದೆ. ಆದರೆ ಪ್ರದೇಶಗಳ ಹೋಲಿಕೆಯಿಂದ ವ್ಯಕ್ತಿಗಳ ಬಗ್ಗೆ ತೀರ್ಮಾನಿಸಲಾಗದು: ದಕ್ಷಿಣದೊಳಗೆ ಹೆಚ್ಚು ಓದಿದವರೇ ಹೆಚ್ಚು ಧಾರ್ಮಿಕರಾಗಿದ್ದರೂ ಇವೇ ಅಂಕಿಗಳು ಬರಬಲ್ಲವು.

ಕನ್ನಡದಲ್ಲಿ ಇನ್ನೊಂದು ಕಷ್ಟ ಪದಗಳದ್ದು. "ಧರ್ಮ ಎಷ್ಟು ಮುಖ್ಯ?" ಎಂದರೆ ಒಬ್ಬರು ಮತ ಎಂದುಕೊಳ್ಳುತ್ತಾರೆ, ಇನ್ನೊಬ್ಬರು ನ್ಯಾಯವಾಗಿ ನಡೆದುಕೊಳ್ಳುವುದು ಎಂದು. "ಪ್ರಾರ್ಥನೆ ಮಾಡುತ್ತೀರಾ?" ಎಂದರೆ ದಿನಾ ಸಂಜೆ ದೀಪ ಹಚ್ಚುವ ಅಜ್ಜಿಯೂ "ಅದೆಲ್ಲ ಇಸ್ಕೂಲಲ್ಲಿ" ಎಂದುಬಿಡಬಹುದು. ಈ ಗೊಂದಲ ಓದಿನ ಮಟ್ಟಕ್ಕೆ ತಕ್ಕಂತೆ ಹೆಚ್ಚುಕಡಿಮೆಯಾದರೆ, ಪದದ ತಿಳಿವಳಿಕೆಯಲ್ಲಿನ ವ್ಯತ್ಯಾಸವೇ ಧಾರ್ಮಿಕತೆಯ ವ್ಯತ್ಯಾಸವಾಗಿ ಕೋಷ್ಟಕಕ್ಕೆ ಇಳಿಯುತ್ತದೆ. ವಾರದ ಹಾಜರಿಯೂ ಇಲ್ಲಿ ಹೊಂದುವ ಅಳತೆಯಲ್ಲ. ಚರ್ಚಿಗೂ ಶುಕ್ರವಾರದ ನಮಾಜಿಗೂ ಅದು ಸರಿ. ಮನೆಯಲ್ಲೇ ಪೂಜೆ ಮಾಡಿ ವರ್ಷಕ್ಕೊಮ್ಮೆ ಜಾತ್ರೆಗೆ ಹೋಗುವ ಮನೆ ಅದರಲ್ಲಿ "ಕಡಿಮೆ ಧಾರ್ಮಿಕ" ಎಂದು ದಾಖಲಾಗುತ್ತದೆ.

ಹಾಗಾಗಿ ನಮ್ಮ ಪ್ರಶ್ನೆಪಟ್ಟಿಯಲ್ಲಿ "ಧರ್ಮ ಎಷ್ಟು ಮುಖ್ಯ" ಎಂಬ ಒಂಟಿ ಪ್ರಶ್ನೆಯನ್ನು ಕೈಬಿಟ್ಟು ಇವನ್ನು ಸೇರಿಸಲಾಗಿದೆ:

- ಹೋದ ಏಳು ದಿನಗಳಲ್ಲಿ ಎಷ್ಟು ದಿನ ನೀವೇ ಪೂಜೆ, ನಮಾಜು, ಪ್ರಾರ್ಥನೆ ಅಥವಾ ಇಷ್ಟಲಿಂಗ ಪೂಜೆ ಮಾಡಿದಿರಿ? (0ರಿಂದ 7)
- ಹೋದ ಹನ್ನೆರಡು ತಿಂಗಳಲ್ಲಿ ಹರಕೆ ಕಟ್ಟಿಕೊಂಡದ್ದು ಅಥವಾ ತೀರಿಸಿದ್ದು ಇದೆಯೇ?
- ಮನೆಯಲ್ಲಿ ದೊಡ್ಡ ಕೆಲಸ ಶುರು ಮಾಡುವ ಮುಂಚೆ ದೇವರಲ್ಲಿ ಕೇಳುವುದುಂಟೇ? (ಯಾವಾಗಲೂ, ಕೆಲವೊಮ್ಮೆ, ಇಲ್ಲ)

ಓದನ್ನು "ವಿದ್ಯಾವಂತ, ಅವಿದ್ಯಾವಂತ" ಎಂದು ಎರಡಾಗಿ ಸೀಳದೆ ಮುಗಿಸಿದ ತರಗತಿಯ ಸಂಖ್ಯೆಯಾಗಿ ಬರೆದುಕೊಳ್ಳಬೇಕು. ಹುಟ್ಟಿದ ವರ್ಷ, ತಾಯಿಯ ಓದು, ತಂದೆಯ ಓದು ಪ್ರತ್ಯೇಕ ಕಲಂಗಳಲ್ಲಿ ಇರುತ್ತವೆ. ಇವು ಖಾಲಿ ಬಿದ್ದ ಫಾರಂ ಅದೇ ದಿನ ಸಂದರ್ಶಕರಿಗೆ ವಾಪಸ್ ಹೋಗುತ್ತದೆ, ಏಕೆಂದರೆ ಈ ಮೂರು ಇಲ್ಲದೆ ಕೋಷ್ಟಕ 3ರ ಮೇಲಿನ ಎರಡು ಸಾಲುಗಳನ್ನು ನಮ್ಮ ದತ್ತಾಂಶದಿಂದ ತುಂಬಲಾಗದು.