ಹೊಲಿಗೆ ದರಪಟ್ಟಿ (ಆಗಸ್ಟ್ 1ರಿಂದ)

ಲೇಡೀಸ್ ಟೈಲರ್, ದುರ್ಗಿಗುಡಿ, ಶಿವಮೊಗ್ಗ
ಬೆಳಿಗ್ಗೆ 10ರಿಂದ ರಾತ್ರಿ 8. ಭಾನುವಾರ ರಜೆ.

| ಏನು ಹೊಲಿಯಬೇಕು | ಬಟ್ಟೆ | ಕೂಲಿ (ರೂ.) | ಎಷ್ಟು ದಿನ |
|---|---|---|---|
| ಸಾದಾ ಬ್ಲೌಸ್, ಲೈನಿಂಗ್ ಇಲ್ಲದ್ದು | ಕಾಟನ್ | 250 | 4 |
| ಲೈನಿಂಗ್ ಬ್ಲೌಸ್ | ಕಾಟನ್, ಸಿಂಥೆಟಿಕ್ | 450 | 6 |
| ಲೈನಿಂಗ್ ಬ್ಲೌಸ್ | ರೇಷ್ಮೆ | 550 | 7 |
| ಖಣದ ಬ್ಲೌಸ್ | ಗುಳೇದಗುಡ್ಡ ಖಣ | 500 | 7 |
| ಪ್ರಿನ್ಸೆಸ್ ಕಟ್, ಪ್ಯಾಡ್ ಸಮೇತ | ಯಾವುದಾದರೂ | 750 | 8 |
| ಚೂಡಿದಾರ್ ಟಾಪ್, ಪ್ಯಾಂಟ್ | ಕಾಟನ್ | 500 | 5 |
| ಚೂಡಿದಾರ್, ಲೈನಿಂಗ್ ಹಾಕಿದ್ದು | ಜಾರ್ಜೆಟ್, ಸಿಲ್ಕ್ | 700 | 7 |
| ಮಕ್ಕಳ ಲಂಗ-ಬ್ಲೌಸ್ (10 ವರ್ಷದೊಳಗೆ) | ರೇಷ್ಮೆ, ಜರಿ ಅಂಚು | 650 | 7 |
| ನೈಟಿ | ಕಾಟನ್ | 200 | 3 |
| ಸೀರೆ ಒಳಲಂಗ | ಕಾಟನ್ | 120 | 2 |
| ಫಾಲ್, ಪಿಕೋ | ಎಲ್ಲಾ ಸೀರೆ | 120 | 2 |
| ಸಾದಾ ಕುಚ್ಚು | ಎಲ್ಲಾ ಸೀರೆ | 300 | 4 |
| ಮಣಿ ಕುಚ್ಚು | ರೇಷ್ಮೆ ಸೀರೆ | 700ರಿಂದ | 8 |
| ಬಿಗಿ-ಸಡಿಲ ಮಾಡುವುದು | ಯಾವುದಾದರೂ | 60ರಿಂದ | 1 |

ಬ್ಲೌಸಿನ ಲೈನಿಂಗ್ ಬಟ್ಟೆ, ಹುಕ್ಕು, ದಾರ ಎಲ್ಲಾ ಕೂಲಿಯಲ್ಲೇ ಸೇರಿದೆ. ಚೂಡಿದಾರ್ ಮತ್ತು ಲಂಗದ ಲೈನಿಂಗ್ ನೀವೇ ತರಬೇಕು. ಫಾಲ್ ಬಟ್ಟೆ ನಮ್ಮದು. ಬ್ಲೌಸಿನ ಹಿಂದೆ ಕಟ್ಟುವ ದಾರ, ಲಟಕನ್, ಪೈಪಿಂಗ್ ಬೇಕಿದ್ದರೆ 50 ರೂಪಾಯಿ ಜಾಸ್ತಿ.

ಅಳತೆಗೆ ನಿಮಗೆ ಚೆನ್ನಾಗಿ ಕೂರುವ ಹಳೇ ಬ್ಲೌಸ್ ಒಂದು ತನ್ನಿ. "ಇದು ಸ್ವಲ್ಪ ಟೈಟು, ಆದ್ರೆ ಪರ್ವಾಗಿಲ್ಲ" ಅನ್ನುವ ಬ್ಲೌಸ್ ಬೇಡ, ಹೊಸದೂ ಹಾಗೇ ಆಗುತ್ತದೆ! ಅದಕ್ಕಿಂತ ಅಂಗಡಿಗೇ ಬಂದು ಅಳತೆ ಕೊಡುವುದು ವಾಸಿ.

ಕಾಟನ್ ಬಟ್ಟೆಯನ್ನು ಒಂದು ರಾತ್ರಿ ನೀರಲ್ಲಿ ನೆನೆಸಿ, ಒಣಗಿಸಿ ಕೊಡಿ. ಹೊಲಿದ ಮೇಲೆ ಒಗೆದು ಕುಗ್ಗಿತು ಅಂದರೆ ನಾವು ಏನೂ ಮಾಡಲಾಗುವುದಿಲ್ಲ. ರೇಷ್ಮೆ ಮತ್ತು ಖಣ ಮಾತ್ರ ನೆನೆಸಬೇಡಿ. ಖಣದ ಅಗಲ ಕಡಿಮೆ. ಉದ್ದ ತೋಳು ಬೇಕಿದ್ದರೆ ಬಟ್ಟೆ ಕೊಳ್ಳುವ ಮೊದಲೇ ನಮ್ಮನ್ನು ಒಂದು ಮಾತು ಕೇಳಿ. ಸೀರೆ ಜೊತೆಗೇ ಬಂದ ಬ್ಲೌಸ್ ಪೀಸ್ ಕತ್ತರಿಸದೆ ತಂದರೆ ನಾವೇ ಅಂಚು ನೋಡಿ ಕತ್ತರಿಸುತ್ತೇವೆ. ಅದಕ್ಕೆ ದುಡ್ಡಿಲ್ಲ.

ದಿನದ ಲೆಕ್ಕದಲ್ಲಿ ಭಾನುವಾರ ಸೇರಿಲ್ಲ. ಅರ್ಜೆಂಟ್ ಅಂದರೆ ಎರಡು ದಿನದಲ್ಲಿ ಕೊಡುತ್ತೇವೆ, ಕೂಲಿ ಒಂದೂವರೆ ಪಟ್ಟು. ಪ್ಯಾಡ್ ಬ್ಲೌಸ್ ಮತ್ತು ಮಣಿ ಕುಚ್ಚಿಗೆ ಅರ್ಜೆಂಟ್ ಇಲ್ಲ. ಗೌರಿ ಹಬ್ಬ, ದಸರಾ, ದೀಪಾವಳಿಗೆ 15 ದಿನ ಮೊದಲೇ ಬಟ್ಟೆ ಕೊಡಿ. ಹಬ್ಬದ ಹಿಂದಿನ ವಾರ ಅರ್ಜೆಂಟ್ ಕೂಡ ತಗೊಳ್ಳುವುದಿಲ್ಲ, ದಯವಿಟ್ಟು ಬೇಜಾರಾಗಬೇಡಿ. ಮದುವೆ ಮನೆಯವರು ತಿಂಗಳು ಮೊದಲೇ ಬಂದರೆ ಒಂದು ಸಲ ಹಾಕಿ ನೋಡಿ ಸರಿಮಾಡಿಸಿಕೊಳ್ಳಲು ಟೈಮ್ ಸಿಗುತ್ತದೆ.

ಅರ್ಧ ಹಣ ಮುಂಗಡ. ಚೀಟಿ ಜೋಪಾನ, ಬಟ್ಟೆ ಕೊಡುವುದು ಚೀಟಿ ನೋಡಿಯೇ. ಹೊಲಿಗೆ ಸರಿಬರದಿದ್ದರೆ 10 ದಿನದೊಳಗೆ ತನ್ನಿ, ಪುಕ್ಕಟೆ ಸರಿಮಾಡಿ ಕೊಡುತ್ತೇವೆ. ಮೂರು ತಿಂಗಳಾದರೂ ಒಯ್ಯದ ಬಟ್ಟೆಗೆ ನಾವು ಜವಾಬ್ದಾರರಲ್ಲ. ಬೀರುವಿನಲ್ಲಿ ಹೋದ ವರ್ಷದ ನಾಲ್ಕು ಬ್ಲೌಸ್ ಇನ್ನೂ ಕೂತಿವೆ. ನಿಮ್ಮದಾ, ಒಮ್ಮೆ ನೋಡಿ.